ಬಾಚಣಿಗೆಯ ನೆರಳು

ಡೊಂಬಿವ್ಲಿ ಪೂರ್ವ, ಮೂರನೇ ಮಹಡಿ, ಶನಿವಾರ ಸಂಜೆ. ಮಾವ ಗೋರೆಗಾಂವ್ ಕಡೆಯ ಸ್ಟುಡಿಯೊಗಳಲ್ಲಿ ವರ್ಷಗಟ್ಟಲೆ ಲೈಟ್‌ಮನ್ ಆಗಿದ್ದು ಈಗ ಮನೆಯಲ್ಲಿರುವವರು. ತಂಗಿಯ ಮಗಳಿಗೆ ಮನೆ ಕಲ್ಯಾಣದಲ್ಲಿ, ಕೆಲಸ ನವಿ ಮುಂಬಯಿಯ ಐರೋಲಿಯಲ್ಲಿ. ಇಬ್ಬರ ಬೇರೂ ಕರಾವಳಿಯದು.

— ಮಾವ, ಬರುವ ಶನಿವಾರ ಠಾಣೆಯಲ್ಲಿ ನಮ್ಮವರು ಸೇರಿ ‘ಸಿ.ಐ.ಡಿ.’ ಸಿನಿಮಾ ಹಾಕ್ತಾರೆ. ಅದಕ್ಕೆ ಮೊದಲು ಹತ್ತು ನಿಮಿಷ ನಾನು ಮಾತಾಡಬೇಕಂತೆ. ಫಿಲ್ಮ್ ನ್ವಾರ್ ಅಂದರೆ ಏನು ಅಂತ. ಬರುವವರಲ್ಲಿ ಮುಕ್ಕಾಲು ಜನ ಆ ಶಬ್ದವನ್ನೇ ಕೇಳಿರ್ಲಿಕ್ಕಿಲ್ಲ.

— ಕೇಳದಿದ್ದರೆ ಒಳ್ಳೆಯದೇ. ಅಂಥ ಸಿನಿಮಾ ತೆಗೆದವರೂ ಕೇಳಿರಲಿಲ್ಲ. ಅಮೆರಿಕದವರು ಕೊಲೆಯ ಕತೆ, ವಂಚನೆಯ ಕತೆ ಮಾಡ್ತಾ ಇದ್ದರು. ಯುದ್ಧ ಮುಗಿದ ಮೇಲೆ ಅವೆಲ್ಲ ಒಟ್ಟಿಗೆ ಪ್ಯಾರಿಸ್‌ಗೆ ಬಂದಾಗ ಅಲ್ಲಿನ ವಿಮರ್ಶಕರಿಗೆ ಒಂದು ಹೊಸ ಬಣ್ಣ ಕಂಡಿತು. 1946ರಲ್ಲಿ ನೀನೋ ಫ್ರಾಂಕ್ ಅನ್ನುವವರು ‘ಫಿಲ್ಮ್ ನ್ವಾರ್’, ಅಂದರೆ ‘ಕಪ್ಪು ಸಿನಿಮಾ’ ಅಂತ ಕರೆದರು. ಅಷ್ಟೇ ಕತೆ. ಅದನ್ನು ಅರ್ಧ ನಿಮಿಷದಲ್ಲಿ ಮುಗಿಸು. ಇಲ್ಲದಿದ್ದರೆ ಹಿಂದಿನ ಸಾಲಿನವರು ಚಹಾ ಕುಡಿಯಲಿಕ್ಕೆ ಎದ್ದು ಹೋಗ್ತಾರೆ.

— ಹಾಗಾದರೆ ನೆರಳಿನಿಂದ ಶುರು ಮಾಡ್ಲಾ? ಎಲ್ಲರೂ ಅದನ್ನೇ ಹೇಳ್ತಾರೆ, ‘ಕತ್ತಲೆ ಜಾಸ್ತಿ ಇರುವ ಸಿನಿಮಾ’ ಅಂತ.

— ಕತ್ತಲೆ ಮಾಡ್ಲಿಕ್ಕೆ ಲೈಟ್‌ಮನ್ ಯಾಕೆ, ಮಾರಾಯ್ತಿ? ಮೇನ್ ಸ್ವಿಚ್ ಆರಿಸಿದರೆ ಆಯ್ತಲ್ಲ. ನಿನ್ನ ಬ್ಯಾಗಿನಲ್ಲಿ ಬಾಚಣಿಗೆ ಉಂಟಾ?

— ಬಾಚಣಿಗೆಯಾ? ಉಂಟು.

— ಟ್ಯೂಬ್‌ಲೈಟ್ ಆರಿಸು. ಮೊಬೈಲ್ ಟಾರ್ಚ್ ಹಚ್ಚಿ ಆ ಗೋಡೆಗೆ ಹಿಡಿ. ಈಗ ಬಾಚಣಿಗೆಯನ್ನು ನಡುವೆ ತಾ. ಎಂತ ಕಾಣ್ತದೆ?

— ಅಯ್ಯೋ, ಜೈಲಿನ ಕಂಬಿ! ಗೋಡೆ ತುಂಬಾ.

— ಬಾಚಣಿಗೆಯನ್ನು ಟಾರ್ಚಿನ ಹತ್ತಿರ ತಂದರೆ ಕಂಬಿ ದಪ್ಪ, ಅಂಚು ಸ್ವಲ್ಪ ಮಸುಕು. ಗೋಡೆಯ ಹತ್ತಿರ ಒಯ್ದರೆ ಸಣ್ಣ, ಚೂರಿಯ ಹಾಗೆ ಚೂಪು. ನೋಡಿದ್ಯಾ? ಈಗ ಟಾರ್ಚ್ ಆರಿಸಿ ಟ್ಯೂಬ್‌ಲೈಟ್ ಹಾಕು. ಅದೇ ಗೋಡೆ, ಅದೇ ಬಾಚಣಿಗೆ.

— ಏನೂ ಇಲ್ಲ. ಸ್ವಲ್ಪ ಮಬ್ಬು ಬಿಟ್ಟರೆ.

— ನಮ್ಮ ಮನೆಗಳಲ್ಲಿ, ಲೋಕಲ್ ಡಬ್ಬಿಯಲ್ಲಿ, ನಿನ್ನ ಆಫೀಸಿನಲ್ಲಿ ಎಲ್ಲ ಕಡೆ ಇದೇ ಬೆಳಕು. ನಾಲ್ಕು ಅಡಿ ಉದ್ದದ ಕೊಳವೆ. ಒಂದು ತುದಿಯ ಬೆಳಕು ಮಾಡಿದ ನೆರಳನ್ನು ಇನ್ನೊಂದು ತುದಿಯ ಬೆಳಕು ಬಂದು ಒರೆಸ್ತದೆ. ನೆರಳು ಚೂಪಾಗಬೇಕಾದರೆ ಬೆಳಕಿನ ಮೂಲ ಸಣ್ಣದಿರಬೇಕು. ನಮ್ಮ ಸೆಟ್ಟಿನಲ್ಲಿ ಅದಕ್ಕೆ ಬೇಬಿ ಇತ್ತು, ಒಂದು ಕಿಲೋವ್ಯಾಟಿನ ಲೈಟ್. ಅದರ ಮುಂದೆ ಕಟ್ಟರ್ ನಿಲ್ಲಿಸಿ ಎಲ್ಲಿ ಬೇಡವೋ ಅಲ್ಲಿ ಕಡಿಯುವುದು. ಹೊಸಬರು ಲೈಟ್ ಹಚ್ಚುವುದನ್ನು ಕಲೀತಾರೆ, ಕಡಿಯುವುದನ್ನು ಕಲಿಯಲಿಕ್ಕೆ ಅರ್ಧ ಆಯುಷ್ಯ ಬೇಕು.

— ಒಂದು ನಿಮಿಷ ಮಾವ. ಬಾಚಣಿಗೆ ತಿರುಗಿಸಿದೆ, ಹಲ್ಲುಗಳು ಟ್ಯೂಬಿನ ಉದ್ದಕ್ಕೇ ಇರುವ ಹಾಗೆ. ಈಗ ಗೋಡೆಯ ಹತ್ತಿರ ಗೆರೆ ಬಿತ್ತಲ್ಲ!

— ಹ್ಞಾ? ತೋರಿಸು... ಹೌದು. ಆ ದಿಕ್ಕಿನಲ್ಲಿ ಟ್ಯೂಬ್ ಸಪೂರ ಅಲ್ವಾ, ಒಂದು ಇಂಚು. ಇಷ್ಟು ವರ್ಷ ಬೆಳಕಿನಲ್ಲೇ ಕೆಲಸ ಮಾಡಿದ್ದೇನೆ, ಇದನ್ನು ಒಮ್ಮೆಯೂ ಮಾಡಿ ನೋಡಿರಲಿಲ್ಲ. ಇರಲಿ. ಈ ಬಾಚಣಿಗೆಯನ್ನೇ ಠಾಣೆಗೆ ತೆಗೆದುಕೊಂಡು ಹೋಗು.

— ಗೋಡೆ ಸರಿ. ಮುಖದ ಮೇಲೆ ಹೇಗೆ?

— ಮುಖಕ್ಕೆ ಒಂದು ಕಡೆಯಿಂದ ಮುಖ್ಯ ಬೆಳಕು ಕೊಡ್ತೇವೆ, ಅದು ಕೀ ಲೈಟ್. ಇನ್ನೊಂದು ಕಡೆ ತೀರಾ ಕಪ್ಪಾಗಬಾರದು ಅಂತ ಒಂದು ಮೃದು ಬೆಳಕು, ಅದು ಫಿಲ್. ಕೀ ಬಿದ್ದ ಕೆನ್ನೆ ಇನ್ನೊಂದು ಕೆನ್ನೆಗಿಂತ ಎರಡು ಪಟ್ಟು ಬೆಳಗಿದ್ದರೆ ಅದು ಹಾಸ್ಯದ ಸಿನಿಮಾ, ಮದುವೆಯ ಸಿನಿಮಾ. ಎಂಟು ಪಟ್ಟು ಆದರೆ ಆ ಮನುಷ್ಯನ ಅರ್ಧ ಮುಖ ನಿನಗೆ ಸಿಗುವುದಿಲ್ಲ. ಆ ಅರ್ಧದಲ್ಲಿ ಅವ ಏನು ಯೋಚಿಸ್ತಾ ಇದ್ದಾನೆ ಅಂತ ನೀನೇ ಊಹಿಸಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ, ಪಾಪ ಹೀರೋನ ಮುಖ ಕಾಣುವುದಿಲ್ಲವಲ್ಲ ಅಂತ ಕ್ಯಾಮರಾದ ಪಕ್ಕದ ಥರ್ಮಾಕೋಲನ್ನು ನಾನೇ ಒಂದು ಅಡಿ ಮುಂದೆ ದೂಡಿಬಿಟ್ಟೆ. ಅದರಿಂದ ಎರಚಿದ ಬೆಳಕು ಸೀದಾ ಕಪ್ಪು ಕೆನ್ನೆಗೆ. ಕ್ಯಾಮರಾಮನ್ ಬೈಯಲಿಲ್ಲ. ‘ಕೊಲೆ ಮಾಡಿದವ ಯಾರು ಅಂತ ಈಗಲೇ ಹೇಳಿಬಿಟ್ಟೆಯಲ್ಲಾ’ ಅಂದ.

— ಈಗಿನ ವೆಬ್ ಸೀರೀಸ್‌ನಲ್ಲೂ ಎಲ್ಲ ಕತ್ತಲೆಯೇ. ಅವೂ ನ್ವಾರ್ ಅಲ್ವಾ?

— ಕಣ್ಣಿಗೆ ಒಂದು ಪರೀಕ್ಷೆ ಹೇಳ್ತೇನೆ. ಪರದೆಯ ಮೇಲೆ ಎಲ್ಲಾದರೂ ಒಂದು ನಿಜವಾದ ಬಿಳಿ ಉಂಟಾ ಅಂತ ಹುಡುಕು. ಕಾಲರ್ ಆಗಬಹುದು, ಹಣೆಯ ತುದಿ ಆಗಬಹುದು, ಹೊಗೆ ಆಗಬಹುದು. ಒಳ್ಳೆಯ ನ್ವಾರ್‌ನಲ್ಲಿ ಗಟ್ಟಿ ಕಪ್ಪಿನ ಪಕ್ಕದಲ್ಲೇ ಗಟ್ಟಿ ಬಿಳಿ ಇರ್ತದೆ. ಬರೀ ಬೆಳಕು ತಗ್ಗಿಸಿ ಮೇಲೆ ನೀಲಿ ಬಳಿದದ್ದಾದರೆ ಎಲ್ಲವೂ ಬೂದಿ. ಅದರಲ್ಲಿ ಏನನ್ನೂ ಅಡಗಿಸಿಟ್ಟಿರುವುದಿಲ್ಲ, ಸುಮ್ಮನೆ ಕಾಣುವುದಿಲ್ಲ.

— ‘ಸಿ.ಐ.ಡಿ.’ಯ ಕ್ಯಾಮರಾ ನಮ್ಮವರದ್ದೇ ಅಂತ ಓದಿದೆ.

— ವಿ.ಕೆ. ಮೂರ್ತಿ. ಮೈಸೂರಿನವರು, ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮರಾ ಓದಿದವರು. ಗುರುದತ್ ಹುಟ್ಟಿದ್ದೂ ಬೆಂಗಳೂರಿನಲ್ಲಿ, 1925ರಲ್ಲಿ. ಗುರುದತ್ ಮೊದಲ ಸಲ ನಿರ್ದೇಶನ ಮಾಡಿದ್ದು 1951ರ ‘ಬಾಝಿ’. ಅದರ ಛಾಯಾಗ್ರಾಹಕ ವಿ. ರಾತ್ರಾ, ಮೂರ್ತಿ ಬರೀ ಸಹಾಯಕ. ಒಂದು ಕಷ್ಟದ ಶಾಟ್ ಹೇಗೆ ತೆಗೆಯಬಹುದು ಅಂತ ಸೂಚಿಸಿ, ತಾವೇ ತೆಗೆದು ತೋರಿಸಿದರು. ಗುರುದತ್‌ಗೆ ಅಷ್ಟು ಸಾಕಾಯ್ತು, ಮುಂದಿನ ‘ಜಾಲ್’ನಿಂದ ಮೂರ್ತಿಯವರೇ. 1956ರ ‘ಸಿ.ಐ.ಡಿ.’ಗೆ ಗುರುದತ್ ನಿರ್ಮಾಪಕ. ನಿರ್ದೇಶಕ ರಾಜ್ ಖೋಸ್ಲಾ, ಗುರುದತ್ ಕೈಕೆಳಗೆ ಕಲಿತವರು. ಮೂರ್ತಿಯವರಿಗೆ ಆಮೇಲೆ 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು. ಕ್ಯಾಮರಾ ಹಿಡಿದವರಿಗೆ ಅದು ಸಿಕ್ಕಿದ್ದು ಅದೇ ಮೊದಲು.

— ‘ಕಾಗಝ್ ಕೆ ಫೂಲ್’ನ ಆ ಬೆಳಕಿನ ಕೋಲು ಕೂಡ ಅವರದ್ದೇ ಅಲ್ವಾ? ಖಾಲಿ ಸ್ಟುಡಿಯೊದಲ್ಲಿ ಮೇಲಿನಿಂದ ಇಳಿಯುವುದು.

— ಅದು 1959. ನ್ವಾರ್ ಸಿನಿಮಾ ಅಂತ ಹೇಳ್ಲಿಕ್ಕೆ ಆಗುವುದಿಲ್ಲ, ಆದರೆ ಕೈ ಅದೇ. ಗುರುದತ್‌ಗೆ ಸೂರ್ಯನ ಬೆಳಕೇ ಒಳಗೆ ಬಿದ್ದ ಹಾಗೆ ಬೇಕಿತ್ತು. ಸ್ಟುಡಿಯೊ ಲೈಟಿನ ಕಿರಣ ಹೋದ ಹಾಗೆ ಅಗಲ ಆಗ್ತದೆ, ಛತ್ರಿ ಬಿಚ್ಚಿದ ಹಾಗೆ. ಬಿಸಿಲು ಹಾಗಲ್ಲ, ಅಷ್ಟು ದೂರದಿಂದ ಬರುವುದರಿಂದ ಕೋಲಿನ ಹಾಗೆ ನೆಟ್ಟಗೆ. ಮೂರ್ತಿ ಹೊರಗೆ ಬಿಸಿಲಿನಲ್ಲಿ ಒಂದು ದೊಡ್ಡ ಕನ್ನಡಿ ಇಡಿಸಿದರು, ಒಳಗೆ ಮೇಲೆ ಇನ್ನೊಂದು. ಹೊರಗಿನ ಕನ್ನಡಿ ಬಿಸಿಲನ್ನು ಒಳಗಿನ ಕನ್ನಡಿಗೆ ಎಸೆಯಿತು, ಅದು ಕೆಳಕ್ಕೆ ಎಸೆಯಿತು. ಸ್ವಲ್ಪ ಹೊಗೆ ಬಿಟ್ಟರು. ಹೊಗೆಯೋ ಧೂಳೋ ಇಲ್ಲದಿದ್ದರೆ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ, ನೆಲದಲ್ಲಿ ಒಂದು ಚುಕ್ಕೆ ಮಾತ್ರ. ಸೂರ್ಯ ನಿಲ್ಲುವವನಲ್ಲ ನೋಡು, ಅವ ಸರಿದ ಹಾಗೆ ಕನ್ನಡಿಯನ್ನೂ ಸರಿಸ್ತಾ ಇರಬೇಕು.

— ಸರಿ, ನೆರಳು ಸಿಕ್ಕಿತು. ಈ ಹಿನ್ನೆಲೆಯ ದನಿ ನನಗೆ ಅರ್ಥ ಆಗದ್ದು. ವಾಯ್ಸ್ ಓವರ್. ತೋರಿಸ್ತಾ ಇರುವುದನ್ನೇ ಬಾಯಿಯಲ್ಲೂ ಯಾಕೆ ಹೇಳಬೇಕು?

— ನೀನು ಆಟ ನೋಡಿದವಳಲ್ವಾ? ಯಕ್ಷಗಾನದಲ್ಲಿ ಭಾಗವತರು ಎಲ್ಲಿ ಕೂರ್ತಾರೆ?

— ಹಿಂದೆ, ಎತ್ತರದಲ್ಲಿ.

— ಅವರಿಗೆ ಪ್ರಸಂಗ ಇಡೀ ಗೊತ್ತು. ಕೀಚಕ ಸತ್ತರೂ ಬದುಕಿದರೂ ಅವರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹಾಗಾಗಿ ಅವರ ಪದವನ್ನು ನಾವು ನಂಬ್ತೇವೆ. ಈಗ ಭಾಗವತರನ್ನು ಎಬ್ಬಿಸಿ ಅವರ ಜಾಗದಲ್ಲಿ ಕೀಚಕನನ್ನೇ ಕೂರಿಸು. ಕೈಗೆ ಜಾಗಟೆ ಕೊಡು. ಅವ ತನ್ನ ಕತೆಯನ್ನು ತಾನೇ ಹಾಡಲಿ, ಸತ್ತ ಮೇಲೆ, ಅಥವಾ ಸಾಯಲಿಕ್ಕೆ ಅರ್ಧ ಗಂಟೆ ಇರುವಾಗ. ಸೈರಂಧ್ರಿಯನ್ನು ಅವ ಹೇಗೆ ವರ್ಣಿಸಿಯಾನು? ತಪ್ಪು ಯಾರದ್ದು ಅಂತ ಹೇಳಿಯಾನು? ನ್ವಾರ್‌ನ ದನಿ ಅಂದರೆ ಅದು.

— ಅಂದರೆ ನಂಬಬಾರದ ಭಾಗವತ.

— ಪೂರ್ತಿ ಸುಳ್ಳೂ ಹೇಳುವುದಿಲ್ಲ ಅವ, ಅದೇ ತಾಪತ್ರಯ. 1944ರ ‘ಡಬಲ್ ಇಂಡೆಮ್ನಿಟಿ’ ನೋಡು, ಬಿಲ್ಲಿ ವೈಲ್ಡರ್ ಮಾಡಿದ್ದು. ವಿಮಾ ಕಂಪನಿಯ ಏಜೆಂಟ್ ಒಬ್ಬ ರಾತ್ರಿ ಆಫೀಸಿಗೆ ಬಂದು, ಭುಜದಲ್ಲಿ ಗುಂಡು ಇಟ್ಟುಕೊಂಡೇ, ಡಿಕ್ಟೇಶನ್ ಯಂತ್ರಕ್ಕೆ ಮಾತಾಡ್ತಾನೆ. ಕೊಂದವ ನಾನೇ, ಹಣಕ್ಕೂ ಹೆಂಗಸಿಗೂ ಆಸೆಪಟ್ಟು ಕೊಂದೆ, ಎರಡೂ ಸಿಗಲಿಲ್ಲ ಅಂತ ಶುರುವಿನಲ್ಲೇ ಒಪ್ಪಿಬಿಡ್ತಾನೆ. ಗಂಡನನ್ನು ಕಾರಿನಲ್ಲಿ ಕೊಂದು, ಇವನೇ ಆ ಗಂಡನ ಹಾಗೆ ಊರುಗೋಲು ಹಿಡಿದು ರೈಲು ಹತ್ತಿ, ಕೊನೆಯ ಡಬ್ಬಿಯಿಂದ ಇಳಿದು, ಹೆಣವನ್ನು ಹಳಿಯ ಮೇಲೆ ಇಡುವುದು. ರೈಲಿನಲ್ಲಿ ಆದ ಅಪಘಾತಕ್ಕೆ ವಿಮೆಯ ಹಣ ಎರಡು ಪಟ್ಟು. ಸೆಂಟ್ರಲ್ ಲೈನಿನವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ.

— ಕೊಲೆಗಾರ ಯಾರು ಅಂತ ಮೊದಲೇ ಗೊತ್ತಾದರೆ ಮತ್ತೆ ನೋಡುವುದು ಎಂತದ್ದು?

— ‘ಯಾರು’ ಅನ್ನುವ ಪ್ರಶ್ನೆ ಹೋಯ್ತು. ಇನ್ನು ಪ್ರತಿ ಸಲ ಅವ ಒಂದು ಹೆಜ್ಜೆ ಇಡುವಾಗಲೂ ನೀನು ‘ಇಡಬೇಡ ಮಾರಾಯ’ ಅಂತ ಕೂರ್ತೀ. ದನಿಯ ಒಂದು ಕೆಲಸ ಅದು. ಇನ್ನೊಂದು ಕೆಲಸ ನನಗೆ ಹೆಚ್ಚು ಇಷ್ಟ. ಅದಕ್ಕೆ ‘ಔಟ್ ಆಫ್ ದ ಪಾಸ್ಟ್’ ಅಂತ 1947ರ ಸಿನಿಮಾ ಉಂಟು, ಜಾಕ್ ಟೂರ್ನರ್ ನಿರ್ದೇಶನ. ಸ್ವಲ್ಪ ನಿಧಾನವಾಗಿ ಹೇಳ್ತೇನೆ, ಯಾಕೆಂದರೆ ನಿನಗೆ ಬೇಕಾದ ನೆರಳು, ದನಿ, ಪತ್ತೇದಾರ, ಮೂರೂ ಸಾಮಾನು ಅದರಲ್ಲಿ ಒಟ್ಟಿಗೇ ಉಂಟು.

— ಹೇಳಿ. 8:10ರ ಗಾಡಿ ಹೋದರೆ ಹೋಗಲಿ.

— ಸಣ್ಣ ಊರಿನಲ್ಲಿ ಒಂದು ಪೆಟ್ರೋಲ್ ಪಂಪ್. ಅದರ ಯಜಮಾನ ಜೆಫ್, ರಾಬರ್ಟ್ ಮಿಚಮ್ ಮಾಡಿದ ಪಾತ್ರ. ಹಿಂದೆ ಖಾಸಗಿ ಪತ್ತೇದಾರ, ಈಗ ಹೆಸರು ಬದಲಿಸಿ ಕೂತಿದ್ದಾನೆ. ಹಳೆಯ ಧಣಿಯ ಕರೆ ಬರ್ತದೆ. ಹೋಗುವ ದಾರಿಯಲ್ಲಿ, ರಾತ್ರಿ ಕಾರಿನಲ್ಲಿ, ಮದುವೆಯಾಗಬೇಕಾದ ಹುಡುಗಿಗೆ ಹಳೆಯದನ್ನೆಲ್ಲ ಹೇಳ್ಲಿಕ್ಕೆ ತೊಡಗ್ತಾನೆ. ಆ ಧಣಿ ಒಬ್ಬ ಜೂಜಿನ ದೊರೆ. ಅವನ ಪ್ರೇಯಸಿ ಕ್ಯಾಥಿ ಅವನಿಗೇ ಗುಂಡು ಹೊಡೆದು 40,000 ಡಾಲರ್ ಎತ್ತಿಕೊಂಡು ಓಡಿದ್ದಾಳೆ. ಹುಡುಕಿ ತರುವ ಕೆಲಸ ಜೆಫ್‌ನದ್ದು. ಮೆಕ್ಸಿಕೋದಲ್ಲಿ ಹುಡುಕಿದ. ಸೋತುಬಿಟ್ಟ. ಧಣಿಗೆ ಸುಳ್ಳು ಹೇಳಿದ. ಹಣ ನಾನು ತೆಗೆದುಕೊಂಡಿಲ್ಲ ಅಂತ ಅವಳು ಅಂದಳು, ತೆಗೆದಿದ್ದರೂ ನನಗೇನು ಅನ್ನುವವನ ಹಾಗೆ ಇವ ಇದ್ದ. ಇಬ್ಬರೂ ಓಡಿದರು.

— ಮತ್ತೆ ಸಿಕ್ಕಿಬಿದ್ದರಾ?

— ಜೆಫ್‌ನ ಹಳೆಯ ಪಾಲುದಾರ ಜಾಡು ಹಿಡಿದು ಕಾಡಿನ ಒಂದು ಮರದ ಮನೆಗೆ ಬರ್ತಾನೆ. ಇಬ್ಬರಿಗೂ ಹೊಡೆದಾಟ. ಅಲ್ಲಿ ನಿಕೊಲಸ್ ಮುಸುರಾಕ ಅನ್ನುವ ಕ್ಯಾಮರಾಮನ್ ಏನು ಮಾಡಿದ ಅಂದರೆ, ಬೆಂಕಿಯ ಬೆಳಕನ್ನು ಕೆಳಗಿನಿಂದ ಕೊಟ್ಟ. ಗಂಡಸರ ನೆರಳು ಗೋಡೆಯಲ್ಲಿ, ಕ್ಯಾಥಿಯ ಮುಖದ ಮೇಲೆ ಹಾದುಹೋಗ್ತದೆ. ಹೊಡೆದಾಟಕ್ಕಿಂತ ಆ ಮುಖವನ್ನು ನೋಡಬೇಕು. ಒಂದು ಕ್ಷಣ ಬೆಳಕು, ಒಂದು ಕ್ಷಣ ಕತ್ತಲೆ, ಬೆಳಕು ಬಂದಾಗ ಅವಳಲ್ಲಿ ಗಾಬರಿಯೇ ಇಲ್ಲ. ಆಮೇಲೆ ಗುಂಡಿನ ಶಬ್ದ. ಪಾಲುದಾರ ಸತ್ತ, ಅವಳು ಕಾರು ಹತ್ತಿ ಹೊರಟೇ ಹೋದಳು. ಜೆಫ್‌ಗೆ ಉಳಿದದ್ದು ಅವಳ ಪಾಸ್‌ಬುಕ್. ತೆರೆದರೆ 40,000 ಜಮಾ ಆಗಿರುವುದು.

— ಇದೆಲ್ಲ ಅವನ ದನಿಯಲ್ಲಿ?

— ಅವನ ದನಿಯಲ್ಲಿ. ಅವನ ಬಾಯಿಯಿಂದ ಕೇಳಿದಾಗ ಕ್ಯಾಥಿ ಬೆಳದಿಂಗಳಿನಿಂದ ಇಳಿದು ಬಂದವಳು. ಬೇರೆ ಯಾರಾದರೂ ಹೇಳಿದ್ದರೆ ಒಬ್ಬ ಕಳ್ಳಿಯ ಕತೆ. ಈಗ ಮುಖ್ಯ ವಿಷಯ. ಕಾರು ಧಣಿಯ ಮನೆ ಮುಟ್ಟುವಾಗ ಅವನ ಕತೆ ಮುಗೀತದೆ, ದನಿಯೂ ನಿಲ್ತದೆ. ಸಿನಿಮಾ ಇನ್ನೂ ಅರ್ಧಕ್ಕಿಂತ ಹೆಚ್ಚು ಉಂಟು! ಒಳಗೆ ಹೋದರೆ ಕ್ಯಾಥಿ ಅಲ್ಲೇ, ಧಣಿಯ ಮನೆಯಲ್ಲಿ, ಏನೂ ಆಗದವಳ ಹಾಗೆ. ಅಲ್ಲಿಂದ ಮುಂದೆ ಜೆಫ್ ಒಂದು ಸಾಲನ್ನೂ ನಮಗೆ ಹೇಳುವುದಿಲ್ಲ. ಹಿಂದಿನದ್ದನ್ನು ತನಗೆ ಬೇಕಾದ ಹಾಗೆ ಹೇಳಬಹುದಿತ್ತು. ಈಗ ಆಗ್ತಾ ಇರುವುದರ ಮೇಲೆ ಅವನ ಹಿಡಿತ ಇಲ್ಲ.

— ಅಬ್ಬ. ದನಿ ನಿಂತದ್ದನ್ನೂ ಕೇಳಬೇಕು ಅಂತಾಯ್ತು.

— ಕೆಟ್ಟ ವಾಯ್ಸ್ ಓವರ್ ಗುರುತಿಸುವುದು ಸುಲಭ. ಕಣ್ಣು ಮುಚ್ಚಿ ಕೇಳು. ‘ಮಳೆ ಬರ್ತಾ ಇತ್ತು, ನಾನು ಬಾಗಿಲು ತೆರೆದೆ’ ಅಂತ ಮಾತ್ರ ಹೇಳ್ತಾ ಇದ್ದರೆ ಅದು ಕ್ರಿಕೆಟ್ ಕಾಮೆಂಟರಿ. ಚಿತ್ರ ಒಂದು ಹೇಳಿ ದನಿ ಇನ್ನೊಂದು ಹೇಳಿದರೆ ಅಲ್ಲಿ ಕೂತುಕೋ.

— ಆದರೆ ಮಾವ, ‘ಸಿ.ಐ.ಡಿ.’ಯನ್ನು ಮೊನ್ನೆ ನೋಡಿದೆ. ಕತೆ ನಡೆಸುವ ಅಂಥ ದನಿ ಅದರಲ್ಲಿ ಇಲ್ಲವಲ್ಲ?

— ಇಲ್ಲ. ಅದನ್ನು ಮುಚ್ಚಿಡಬೇಡ, ಸೀದಾ ಹೇಳು. ನಮ್ಮ ಹಿಂದಿ ಸಿನಿಮಾಕ್ಕೆ ಮೊದಲೇ ಒಂದು ಭಾಗವತಿಕೆ ಇತ್ತು, ಹಾಡು. ಮನಸ್ಸಿನ ಒಳಗಿನದ್ದನ್ನು ಹೇಳುವ ಕೆಲಸ ಹಾಡಿಗೆ ಹೋಯ್ತು ಅಂತ ನನ್ನ ಲೆಕ್ಕ. ‘ಸಿ.ಐ.ಡಿ.’ಯಲ್ಲಿ ವಹೀದಾ ರೆಹಮಾನ್, ಕಾಮಿನಿಯ ಪಾತ್ರ, ಹಿಂದಿಯಲ್ಲಿ ಅವರಿಗೆ ಮೊದಲ ಸಿನಿಮಾ. ಕೊನೆಯ ಹತ್ತಿರ ಖಳ ಧರ್ಮದಾಸನ ಎದುರು ಒಂದು ಹಾಡು ಹಾಡ್ತಾಳೆ. ನೆನಪುಂಟಾ?

— ಉಂಟು. ಅವನನ್ನು ಮರುಳು ಮಾಡಿ ಕೂರಿಸುವುದು, ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಶೇಖರ್ ತಪ್ಪಿಸಿಕೊಳ್ಳಲಿ ಅಂತ.

— ಕಣ್ಣು ಒಬ್ಬನ ಕಡೆ, ಹಾಡಿನ ಅರ್ಥ ಇನ್ನೊಬ್ಬನ ಕಡೆ. ಕೇಳುವವನಿಗೆ ಒಂದು, ನಮಗೆ ಬೇರೆ ಒಂದು. ಜೆಫ್‌ನ ದನಿ ಮಾಡುವ ಕೆಲಸ ಅದೇ ಅಲ್ವಾ? ಹಾಡು ಬಂದಾಗ ಜನ ಮೊಬೈಲ್ ತೆಗೀತಾರೆ. ಈ ಹಾಡಿನಲ್ಲಿ ತೆಗೆಯಬೇಡಿ ಅಂತ ಮೊದಲೇ ಹೇಳಿಡು.

— ಇನ್ನು ಪತ್ತೇದಾರ. ನ್ವಾರ್‌ನಲ್ಲಿ ಅವ ಪೂರ್ತಿ ಒಳ್ಳೆಯವನೂ ಅಲ್ಲದ, ಪೂರ್ತಿ ಕೆಟ್ಟವನೂ ಅಲ್ಲದ ಬೂದುಬಣ್ಣದವ ಅಂತಾರೆ. ಶೇಖರ್ ಆಗಿ ದೇವ್ ಆನಂದ್ ನನಗೆ ಹಾಗೆ ಕಾಣಲೇ ಇಲ್ಲ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮನಸ್ಸು.

— ಸರಿಯಾಗಿ ಹೇಳಿದೆ. ಅಮೆರಿಕದ ಪತ್ತೇದಾರ ದಿನದ ಸಂಬಳಕ್ಕೆ ದುಡಿಯುವ ಖಾಸಗಿ ಮನುಷ್ಯ. ‘ಮಾಲ್ಟೀಸ್ ಫಾಲ್ಕನ್’ ಅಂತ 1941ರದ್ದು ಉಂಟು, ಅದರ ಸ್ಯಾಮ್ ಸ್ಪೇಡ್‌ಗೆ ತನ್ನ ಪಾಲುದಾರನ ಹೆಂಡತಿಯ ಜೊತೆಗೇ ಸಂಬಂಧ. ಪಾಲುದಾರನ ಕೊಲೆ ಆದ ಬೆನ್ನಿಗೇ ಆಫೀಸಿನ ಬಾಗಿಲಿನಿಂದ ಅವನ ಹೆಸರು ಅಳಿಸಲಿಕ್ಕೆ ಹೇಳ್ತಾನೆ. ಅದೇ ಸ್ಪೇಡ್, ಆ ಪಾಲುದಾರನನ್ನು ಕೊಂದವಳು ತನಗೆ ಇಷ್ಟವಾದವಳು ಅಂತ ಗೊತ್ತಿದ್ದೂ ಪೊಲೀಸರಿಗೆ ಒಪ್ಪಿಸ್ತಾನೆ. ಒಳ್ಳೆಯವನಾ ಕೆಟ್ಟವನಾ? ತಕ್ಕಡಿ ನಿಲ್ಲುವುದೇ ಇಲ್ಲ. ನಮ್ಮ ಶೇಖರ್ ಸರಕಾರಿ ಇನ್‌ಸ್ಪೆಕ್ಟರ್. ಸ್ವಾತಂತ್ರ್ಯ ಬಂದು ಹತ್ತು ವರ್ಷ ಆಗಿಲ್ಲ, ಖಾಕಿಯನ್ನು ಕೊಳೆ ಮಾಡ್ಲಿಕ್ಕೆ ಅವರಿಗೆ ಧೈರ್ಯ ಬಂದಿರ್ಲಿಕ್ಕಿಲ್ಲ.

— ಹಾಗಾದರೆ ಅದು ನ್ವಾರ್ ಹೌದಾ?

— ಅವರು ಬೇರೆ ಒಂದು ಕಳ್ಳದಾರಿ ಹುಡುಕಿದರು. ಪತ್ರಿಕೆಯ ಸಂಪಾದಕನ ಕೊಲೆ ಆಗ್ತದೆ. ಕೊಂದ ಶೇರ್ ಸಿಂಗ್‌ನನ್ನು ಶೇಖರ್ ಹಿಡೀತಾನೆ. ಆ ಶೇರ್ ಸಿಂಗ್ ಲಾಕಪ್‌ನಲ್ಲೇ ಸಾಯ್ತಾನೆ, ಹೊಡೆದು ಕೊಂದದ್ದು ಶೇಖರ್ ಅಂತ ಆರೋಪ ಬರ್ತದೆ. ಅವ ಮಾಡಿಲ್ಲ ಅಂತ ನಮಗೆ ಗೊತ್ತು. ಆದರೆ ಮಧ್ಯಾಹ್ನದವರೆಗೆ ಕಾನೂನು ಆಗಿದ್ದವ ಸಂಜೆಗೆ ಅದೇ ಕಾನೂನಿನಿಂದ ಓಡಬೇಕು. ಮನುಷ್ಯ ಶುಭ್ರ, ಅವನ ಮೇಲೆ ಬಿದ್ದ ನೆರಳು ಕಪ್ಪು. ಅಮೆರಿಕದವರು ಪತ್ತೇದಾರನ ಒಳಗೆ ಇಟ್ಟದ್ದನ್ನು ಇವರು ಅವನ ಹೊರಗೆ ಇಟ್ಟರು. ಒಳಗಿನ ಬೂದು ಯಾರಿಗೆ ಹೋಯ್ತು ಅಂದರೆ ಕಾಮಿನಿಗೆ, ಮತ್ತೆ ಜಾನಿ ವಾಕರ್‌ನ ಜೇಬುಗಳ್ಳನಿಗೆ. ಕೊಲೆಗೆ ಸಾಕ್ಷಿ ಅವನೇ ಅಲ್ವಾ, ಕಳ್ಳ ಸತ್ಯ ಹೇಳಿದರೆ ನಂಬುವವರು ಯಾರು?

— ನಮ್ಮ ಕನ್ನಡದಲ್ಲಿ 2019ರ ‘ಕವಲುದಾರಿ’ ಹಾಗಲ್ಲ. ಅನಂತ್ ನಾಗ್ ಮಾಡಿದ ಮುತ್ತಣ್ಣನಿಗೆ ಇಸ್ತ್ರಿಯೇ ಇಲ್ಲ.

— ಹೇಮಂತ್ ರಾವ್ ಅವರದ್ದು. ಅಲ್ಲಿ ಹುಡುಕಲಿಕ್ಕೆ ಹೊರಟವ ಟ್ರಾಫಿಕ್ ಪೊಲೀಸ್, ಆ ಕೇಸು ಅವನ ಕೆಲಸವೇ ಅಲ್ಲ. ಹಳೆಯ ಅಧಿಕಾರಿ ಕುಡಿದು ಮೂಲೆಗೆ ಬಿದ್ದವ. ಆದರೆ ಎಚ್ಚರ, ಬಾಟಲಿ ಕೈಗೆ ಕೊಟ್ಟ ಕೂಡಲೇ ಪತ್ತೇದಾರ ಬೂದು ಆಗುವುದಿಲ್ಲ. ಅವನ ತಪ್ಪಿಗೆ ಬೇರೆ ಯಾರಾದರೂ ಬೆಲೆ ತೆತ್ತಿದ್ದಾರಾ ಅಂತ ನೋಡಬೇಕು. ಜೆಫ್‌ನ ಸುಳ್ಳಿನಿಂದಾಗಿ ಪಾಲುದಾರ ಸತ್ತ. ಇಲ್ಲದಿದ್ದರೆ ಗಡ್ಡ, ಸಿಗರೇಟು, ಮಳೆ, ಅಷ್ಟೇ.

— ಮೂರನ್ನೂ ಒಂದು ದಾರದಲ್ಲಿ ಪೋಣಿಸ್ಲಿಕ್ಕೆ ಏನಾದರೂ ಹೇಳಿ.

— ನೀನೇ ಹೇಳು, ಇಷ್ಟು ಕೇಳಿದೆಯಲ್ಲ.

— ನೆರಳು ಅರ್ಧ ಮುಖವನ್ನು ಇಟ್ಟುಕೊಳ್ತದೆ. ದನಿ ಅರ್ಧ ಕತೆಯನ್ನು ಇಟ್ಟುಕೊಳ್ತದೆ. ಪತ್ತೇದಾರ... ತನ್ನ ಅರ್ಧವನ್ನು ತನ್ನಿಂದಲೇ ಮುಚ್ಚಿಟ್ಟುಕೊಳ್ತಾನೆ?

— ಕೊನೆಯದನ್ನು ಪ್ರಶ್ನೆಯಾಗಿಯೇ ಬಿಡು. ಅದಿರಲಿ, ಹಾಲ್ ಹೇಗುಂಟು? ಕಿಟಕಿಗೆ ಪರದೆ?

— ಪಶ್ಚಿಮಕ್ಕೆ ನಾಲ್ಕು ದೊಡ್ಡ ಕಿಟಕಿ. ಪರದೆ ತೆಳು, ಹಳದಿ. ಐದು ಗಂಟೆಗೆ ಶುರು ಅಂತ ಹಾಕಿದ್ದಾರೆ.

— ಐದಕ್ಕಾ? ಮೂರ್ತಿಯವರು ಕಡಿದಿಟ್ಟ ಬೆಳಕನ್ನೆಲ್ಲ ಠಾಣೆಯ ಬಿಸಿಲು ಬಂದು ಭರ್ತಿ ಮಾಡ್ತದೆ. ಕಪ್ಪೆಲ್ಲ ಬೂದಿ. ಒಂದೋ ಏಳಕ್ಕೆ ಇಡಲಿಕ್ಕೆ ಹೇಳು, ಇಲ್ಲದಿದ್ದರೆ ಗಾಂವ್‌ದೇವಿ ಕಡೆ ಬಟ್ಟೆ ಅಂಗಡಿಯಿಂದ ಕಪ್ಪು ಬಟ್ಟೆ ತಂದು ಹೊಡೆಸು. ಪ್ರೊಜೆಕ್ಟರಿನಲ್ಲಿ ಬ್ರೈಟ್‌ನೆಸ್ ಏರಿಸುವ ಹುಡುಗನ ಕೈಗೆ ರಿಮೋಟ್ ಕೊಡಬೇಡ.

— ಏಳಕ್ಕೆ ಇಟ್ಟರೆ ಬದ್ಲಾಪುರದವರು ಮನೆ ಮುಟ್ಟುವಾಗ ಹನ್ನೊಂದು ಆಗ್ತದೆ ಅಂತ ಗಲಾಟೆ ಮಾಡ್ತಾರೆ ಮಾವ.

— ಹಾಗಾದರೆ ಬಟ್ಟೆ. ಕಿಟಕಿಯ ಅಳತೆ ತೆಗೆದುಕೊಂಡು ಬಾ, ಅಂಚು ಬಿಡದ ಹಾಗೆ ಹೊಡೆಯುವುದು ಹೇಗೆ ಅಂತ ನಾನೇ ಬಂದು ತೋರಿಸ್ತೇನೆ. ಈಗ ಆ ಟ್ಯೂಬ್‌ಲೈಟ್ ಆರಿಸಬೇಡ, ನಿನ್ನ ಚಪ್ಪಲಿ ಸಿಗ್ಲಿಕ್ಕಿಲ್ಲ.